ಯಾದ್ ಹೈ ಎನ್ನುವ ಮೊದಲು

ನನಗೆ ಉರ್ದು ಬಾರದು. ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ತುಳು, ಕಾಸರಗೋಡಿನ ಬಸ್ಸು ಹತ್ತಿದರೆ ಮಲಯಾಳ. ಹಿಂದಿ ಶಾಲೆಯಲ್ಲಿ ಪರೀಕ್ಷೆಗೆಂದು ಕಲಿತದ್ದು, ಆಮೇಲೆ ರೇಡಿಯೊದಲ್ಲಿ ಕೇಳಿದ್ದು. ಇಷ್ಟು ಬಂಡವಾಳದಲ್ಲಿ ಗಜಲ್ ಕೇಳಲು ಕುಳಿತರೆ ರಾಗ ಹಿಡಿಸುತ್ತದೆ, ಮಾತು ಜಾರಿಹೋಗುತ್ತದೆ. ಸಾಲಿನ ಮೊದಲ ಎರಡು ಪದ ಹೊಳೆಯುವಷ್ಟರಲ್ಲಿ ಗಾಯಕ ಮುಂದಿನ ಸಾಲಿಗೆ ಹೋಗಿರುತ್ತಾನೆ. ಆದರೂ ಕೇಳುವ ಸಭೆ ಒಂದೇ ಜಾಗದಲ್ಲಿ, ಒಂದೇ ಉಸಿರಿಗೆ ‘ವಾಹ್’ ಎನ್ನುತ್ತದೆ. ಅವರಿಗೆ ಆ ಜಾಗ ಮೊದಲೇ ಹೇಗೆ ಗೊತ್ತಾಯಿತು ಎನ್ನುವುದು ನನ್ನ ಪ್ರಶ್ನೆಯಾಗಿತ್ತು. ಅರ್ಥ ತಿಳಿದವರೆಲ್ಲ ಅಷ್ಟು ಬೇಗ ಅರ್ಥ ಮಾಡಿಕೊಳ್ಳುತ್ತಾರೆ ಎಂದು ನಂಬಲು ನನಗೆ ಮನಸ್ಸಾಗಲಿಲ್ಲ. ಪದ್ಯ ಕೇಳುವಾಗ ಯಾರೂ ಅಷ್ಟು ಚುರುಕಾಗಿರುವುದಿಲ್ಲ.

ಕೇಳುತ್ತಿದ್ದ ಹಾಡು ಒಂದೇ. 1982ರ ‘ನಿಕಾಹ್’ ಚಿತ್ರದಲ್ಲಿ ಗುಲಾಂ ಅಲಿ ಹಾಡಿದ ‘ಚುಪ್ಕೆ ಚುಪ್ಕೆ ರಾತ್ ದಿನ್’. ಚಿತ್ರಕ್ಕಾಗಿ ಬರೆದ ಹಾಡಲ್ಲ ಇದು. ಬರೆದವರು ಹಸ್ರತ್ ಮೊಹಾನಿ. ಸ್ವಾತಂತ್ರ್ಯ ಹೋರಾಟಗಾರ, ಸಂವಿಧಾನ ಸಭೆಯ ಸದಸ್ಯ, 1951ರಲ್ಲಿ ತೀರಿಕೊಂಡವರು. ‘ಇಂಕ್ವಿಲಾಬ್ ಜಿಂದಾಬಾದ್’ ಘೋಷಣೆಯನ್ನು ಕೊಟ್ಟವರೆಂದು ಹೆಸರಾದ ಮನುಷ್ಯ ಇಂಥ ಕಳ್ಳಪ್ರೇಮದ ಪದ್ಯ ಬರೆದರಲ್ಲ ಎಂದು ನನಗೆ ಇಂದಿಗೂ ಸಂತೋಷ. ಮೂಲ ಗಜಲ್ ಉದ್ದವಾಗಿದೆ. ಹಾಡುವವರು ತಮಗೆ ಬೇಕಾದ ಕೆಲವು ಶೇರುಗಳನ್ನು ಆರಿಸಿಕೊಳ್ಳುತ್ತಾರೆ. ಒಂದೊಂದು ಶೇರೂ ಎರಡೇ ಸಾಲಿನದ್ದು, ತನ್ನಷ್ಟಕ್ಕೆ ಪೂರ್ಣ. ಆದ್ದರಿಂದ ಕೆಲವನ್ನು ಬಿಟ್ಟರೂ ಕಟ್ಟಡ ಬೀಳುವುದಿಲ್ಲ.

ದಾರಿ ತೋರಿಸಿದವರು ಉಪ್ಪಳದ ಒಬ್ಬ ದರ್ಜಿ. ಆ ಭಾಗದಲ್ಲಿ ಮನೆಮಾತು ಉರ್ದು ಆಗಿರುವ ಕುಟುಂಬಗಳು ಸಾಕಷ್ಟಿವೆ, ಇವರದೂ ಅಂಥದ್ದೇ. ರವಿಕೆಯ ಬಟ್ಟೆ ಕೊಡಲು ಹೋದಾಗ ಅಂಗಡಿಯಲ್ಲಿ ಇದೇ ಹಾಡು ಕೇಳಿಸುತ್ತಿತ್ತು. ನನಗೆ ಇದರಲ್ಲಿ ‘ಯಾದ್ ಹೈ’ ಒಂದು ಬಿಟ್ಟು ಬೇರೇನೂ ತಿಳಿಯುವುದಿಲ್ಲ ಸಾಹೇಬರೇ ಎಂದೆ. ಅವರು ಅಳತೆಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು ನಕ್ಕರು.

“ಅಷ್ಟು ತಿಳಿದರೆ ಅರ್ಧ ತಿಳಿದಂತೆ, ಟೀಚರೇ. ಇನ್ನು ಅದರ ಹಿಂದಿನ ಪದವೊಂದನ್ನು ಹಿಡಿಯಿರಿ. ಉಳಿದದ್ದನ್ನೆಲ್ಲ ಸದ್ಯಕ್ಕೆ ಬಿಡಿ.”

ಅರ್ಥದ ಬೆನ್ನು ಹತ್ತಬೇಡಿ, ಸಾಲಿನ ಬಾಲ ಬರೆದುಕೊಳ್ಳಿ ಎಂದರು. ಬರೆದುಕೊಂಡೆ. ಹಾಡಿನ ಮೊದಲ ಎರಡು ಸಾಲು ಹೀಗಿವೆ:

ಚುಪ್ಕೆ ಚುಪ್ಕೆ ರಾತ್ ದಿನ್ ಆಂಸೂ ಬಹಾನಾ ಯಾದ್ ಹೈ
ಹಮ್ ಕೋ ಅಬ್ ತಕ್ ಆಶಿಕೀ ಕಾ ವೋ ಜಮಾನಾ ಯಾದ್ ಹೈ

ಹಗಲಿರುಳು ಸದ್ದಿಲ್ಲದೆ ಕಣ್ಣೀರು ಸುರಿಸಿದ್ದು ನೆನಪಿದೆ, ಪ್ರೇಮದ ಆ ಕಾಲ ನಮಗೆ ಇನ್ನೂ ನೆನಪಿದೆ. ಇದಕ್ಕೆ ಮತ್ಲಾ ಎನ್ನುತ್ತಾರೆ. ಗಜಲಿನ ನಿಯಮವನ್ನು ಕವಿ ಬಾಯಿಬಿಟ್ಟು ಹೇಳುವ ಜಾಗ ಇದೊಂದೇ. ಮೊದಲ ಸಾಲನ್ನಷ್ಟೇ ಕೇಳಿದರೆ ಮುಂದೆ ಯಾವುದು ಮರುಕಳಿಸಲಿದೆ ಎಂದು ಹೇಳಲಾಗದು. ‘ಹೈ’ ಮಾತ್ರವೇ, ‘ಯಾದ್ ಹೈ’ಯೇ, ಇಲ್ಲ ‘ಆಂಸೂ ಬಹಾನಾ ಯಾದ್ ಹೈ’ ಪೂರ್ತಿಯೇ? ಎರಡನೆಯ ಸಾಲು ಬಂದಾಗ ತೀರ್ಮಾನವಾಗುತ್ತದೆ. ಎರಡೂ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು ಬಲದಿಂದ ಎಡಕ್ಕೆ ಬನ್ನಿ. ‘ಹೈ’ ಒಂದೇ, ‘ಯಾದ್’ ಒಂದೇ. ಅಲ್ಲಿಂದ ಹಿಂದೆ ‘ಬಹಾನಾ’, ‘ಜಮಾನಾ’. ಪದ ಬೇರೆಯಾಯಿತು, ಆದರೆ ‘ಆನಾ’ ಎಂಬ ಸದ್ದು ಉಳಿಯಿತು. ಅದಕ್ಕೂ ಹಿಂದೆ ಸರಿದರೆ ಒಂದು ಕಡೆ ‘ಬಹ್’, ಇನ್ನೊಂದು ಕಡೆ ‘ಜಮ್’, ಹೊಂದಿಕೆ ಮುಗಿಯಿತು. ಅಕ್ಷರ ಬದಲಾಗದೆ ಮರುಕಳಿಸುವ ‘ಯಾದ್ ಹೈ’ ರದೀಫ್. ಅದರ ಮುಂಚೆ ನಿಂತು, ಪದ ಬದಲಿಸುತ್ತ ಸದ್ದು ಉಳಿಸಿಕೊಳ್ಳುವ ‘ಆನಾ’ ಕಾಫಿಯಾ. ಇಡೀ ಗಜಲು ಇನ್ನು ಈ ಕರಾರಿಗೆ ಬದ್ಧ.

ಕೇಳಲು ಸುಲಭ. ಆದರೆ ನನ್ನ ಕಿವಿಗೆ ಕಾಫಿಯಾ ಕೇಳಿಸುತ್ತಿರಲಿಲ್ಲ. ರದೀಫ್ ಜೋರಾಗಿ ಬಂದು ಅದನ್ನು ಮುಚ್ಚಿಬಿಡುತ್ತಿತ್ತು. ಇದಕ್ಕೆ ನಮ್ಮ ಅಭ್ಯಾಸವೇ ಕಾರಣ ಎಂದು ನನಗನ್ನಿಸುತ್ತದೆ. ನಾನು ಬೆಳೆದದ್ದು ತಾಳಮದ್ದಳೆ ಕೇಳಿಕೊಂಡು, ಅಜ್ಜನ ಭಾರತವಾಚನ ಕೇಳಿಕೊಂಡು. ನಮ್ಮ ಪ್ರಾಸ ಇರುವುದು ಸಾಲಿನ ತಲೆಯಲ್ಲಿ, ಎರಡನೆಯ ಅಕ್ಷರದಲ್ಲಿ. ಕುಮಾರವ್ಯಾಸನ ಮೊದಲ ಪದ್ಯ ನೋಡಿ: ‘ಶ್ರೀವನಿತೆಯರಸನೆ’, ‘ಜೀವ ಪೀಠನ’, ‘ಪಾವನನೆ’, ‘ರಾವಣಾಸುರ’, ‘ಧಾ ವಿನೂತನ’, ‘ಕಾವುದಾನತ’. ಆರೂ ಸಾಲು ‘ವ’ಕಾರ ಹಿಡಿದು ಹೊರಡುತ್ತವೆ. ಆ ‘ವ’ ಸಿಗಲೆಂದು ಕವಿ ‘ರಾಜೀವ’ವನ್ನು ‘ರಾ’ ಮತ್ತು ‘ಜೀವ’ ಎಂದು ಎರಡು ಸಾಲಿಗೆ ಒಡೆಯುತ್ತಾನೆ, ‘ಸುಧಾ’ವನ್ನೂ ಹಾಗೆಯೇ. ಹೀಗೆ ಪಳಗಿದ ಕಿವಿ ಸಾಲಿನ ಮುಂಬಾಗಿಲಲ್ಲೇ ಕಾದು ನಿಂತಿರುತ್ತದೆ; ಗಜಲಿನ ಅತಿಥಿ ಹಿತ್ತಿಲಿಂದ ಬಂದು ಹೋಗಿರುತ್ತಾನೆ. ಇದೇ ಜಿಲ್ಲೆಯ ಮಂಜೇಶ್ವರದ ಗೋವಿಂದ ಪೈಗಳು 1911ರ ಹೊತ್ತಿಗೆ ಆದಿಪ್ರಾಸವನ್ನು ಕೈಬಿಟ್ಟು ಬರೆಯತೊಡಗಿದಾಗ ದೊಡ್ಡ ವಿವಾದವೇ ನಡೆಯಿತು ಎನ್ನುವುದು ಇದರ ಪಕ್ಕದಲ್ಲಿ ನೆನಪಾಗುತ್ತದೆ. ಕಿವಿಯ ರೂಢಿ ಅಷ್ಟು ಬಲವಾದದ್ದು.

ದರ್ಜಿ ಸಾಹೇಬರ ಉಪಾಯ ಒರಟಾಗಿತ್ತು, ಫಲ ಕೊಟ್ಟಿತು. ಹಾಡಿನ ಜೊತೆ ನಾನೂ ಗುನುಗಬೇಕು, ಆದರೆ ‘ಯಾದ್ ಹೈ’ ಬರುವಾಗ ಬಾಯಿ ಮುಚ್ಚಿಕೊಳ್ಳಬೇಕು. ರದೀಫನ್ನು ನುಂಗಿದರೆ ಅದರ ಹಿಂದಿನ ಪದ ತಾನಾಗಿ ಬಾಯಲ್ಲಿ ಉಳಿಯುತ್ತದೆ. ಬಹಾನಾ... ಜಮಾನಾ... ದಬಾನಾ... ಛುಪಾನಾ... ಆನಾ. ಅಡುಗೆಮನೆಯಲ್ಲಿ ಹೀಗೆ ಅರ್ಧ ಸಾಲು ಹಾಡಿ ನಿಲ್ಲಿಸುವುದನ್ನು ಕೇಳಿ ಮನೆಯವರಿಗೆ ರೇಗಿತು. ಆದರೆ ಆ ಪದಗಳು ಒಂದೊಂದಾಗಿ ಬಿಡಿಸಿಕೊಂಡು ಬಂದದ್ದು ಈ ಅಭ್ಯಾಸದಿಂದಲೇ.

ಇನ್ನೊಂದು ಸಹಾಯ ಭಾವನಿಂದ ಸಿಕ್ಕಿತು. ಅವರು ತಾಳಮದ್ದಳೆಯಲ್ಲಿ ಪದ ಹೇಳುತ್ತಾರೆ, ಗಜಲಿನ ಗಂಧವಿಲ್ಲ. ಕಾಗದದಲ್ಲಿ ಬರೆದಿದ್ದ ಎರಡು ಸಾಲನ್ನು ರಾಗವಿಲ್ಲದೆ ಓದಿಸಿ ಕೇಳಿದರು, ತೊಡೆಯ ಮೇಲೆ ಬೆರಳಿನಿಂದ ಎಣಿಸಿದರು.

“ಇದು ನಮ್ಮ ಭಾಮಿನಿಯೇ ಅಲ್ಲವೋ? ಮೂರು ನಾಲ್ಕು, ಮೂರು ನಾಲ್ಕು” ಎಂದರು.

ಎಣಿಸಿ ನೋಡಿದರೆ ಹೌದು. ಚುಪ್ಕೆ (3) ಚುಪ್ಕೇ (4), ರಾತ (3) ದಿನ್ ಆಂ (4), ಸೂ ಬ (3) ಹಾನಾ (4), ಯಾದ (3) ಹೈ (2). ಭಾಮಿನಿ ಷಟ್ಪದಿಯ ಮೂರನೆಯ ಸಾಲಿನಲ್ಲಿಯೂ ಮೂರು ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು ನಿಲ್ಲುತ್ತದೆ. ಇಲ್ಲಿ ಆ ಕೊನೆಯ ಗುರುವಿನ ಜಾಗದಲ್ಲಿ ಐದು ಮಾತ್ರೆಯ ‘ಯಾದ್ ಹೈ’ ಕೂತಿದೆ. ಎರಡು ಹೊಂದಾಣಿಕೆ ಮಾಡಿಕೊಳ್ಳಬೇಕು. ನಮ್ಮ ಲೆಕ್ಕದಲ್ಲಿ ‘ಯಾದ್’ ಒಂದು ಗುರುವಷ್ಟೆ; ಉರ್ದುವಿನಲ್ಲಿ ಆ ಅರ್ಧ ‘ದ್’ಗೂ ಒಂದು ಮಾತ್ರೆ ಸಲ್ಲುತ್ತದೆ, ಆದ್ದರಿಂದ ‘ಯಾದ’ ಎಂದೇ ಎಣಿಸಬೇಕು. ‘ಕೆ’, ‘ಮೇ’, ‘ತೇರಾ’ದ ಮೊದಲಕ್ಷರ ಮುಂತಾದವನ್ನು ಬೇಕಾದಲ್ಲಿ ಗಿಡ್ಡ ಮಾಡಿಕೊಳ್ಳುವ ಸ್ವಾತಂತ್ರ್ಯವೂ ಅಲ್ಲಿದೆ. ಚುಪ್ಕೆ ಚುಪ್ಕೆಯಲ್ಲಿ ಮೊದಲ ‘ಕೆ’ ಲಘು, ಎರಡನೆಯದು ಗುರು. ಉರ್ದು ಛಂದಸ್ಸು ಮಾತ್ರೆಗಣದ್ದಲ್ಲ, ಲಘು ಗುರುಗಳ ಸ್ಥಾನ ಅಲ್ಲಿ ಗೊತ್ತಾಗಿರುತ್ತದೆ. ಭಾಮಿನಿಯಂತೆ ಎರಡು ಲಘು ಹಾಕಿ ಗುರುವಿನ ಲೆಕ್ಕ ತುಂಬಿಸುವ ಸಡಿಲ ಅದಕ್ಕಿಲ್ಲ. ನಡಿಗೆ ಹಿಡಿಯಲು ಮಾತ್ರ ನಮ್ಮ ಲೆಕ್ಕ ಸಾಕು.

ಈ ಎಣಿಕೆಯನ್ನು ಹಾಡಿನ ಮೇಲೆ ಹೇರಬಾರದು ಎನ್ನುವುದನ್ನೂ ಹೇಳಿಬಿಡಬೇಕು. ತಬಲಾ ತನ್ನ ತಾಳದಲ್ಲಿ ನಡೆಯುತ್ತದೆ, ಗಾಯಕ ತನಗೆ ಬೇಕಾದ ಗುರುವನ್ನು ಹಿಗ್ಗಿಸುತ್ತಾನೆ. ಪದ್ಯವನ್ನು ಮೊದಲು ಒಣ ಓದಿನಲ್ಲಿ ನಡೆಸಿ ನೋಡಿ, ಆಮೇಲೆ ಹಾಡು ಕೇಳಬೇಕು. ಹಾಗೆ ಮಾಡಿದಾಗ ನನಗೆ ಸಿಕ್ಕ ಲಾಭ ದೊಡ್ಡದು: ಕಾಫಿಯಾ ಎಲ್ಲಿ ಬೀಳುತ್ತದೆ ಎನ್ನುವುದು ಪದ ತಿಳಿಯದೆಯೂ ಗೊತ್ತಾಯಿತು. ಮೂರನೆಯ ಜೋಡಿಯ ಕೊನೆಯ ನಾಲ್ಕು ಮಾತ್ರೆ, ‘ಹಾನಾ’, ‘ಮಾನಾ’. ಆಮೇಲಿನ ಐದು ಮಾತ್ರೆ ರದೀಫಿಗೆ ಮೀಸಲು.

ಇನ್ನು ಮತ್ಲಾ ದಾಟಿದ ಮೇಲಿನ ಕಥೆ. ಮುಂದಿನ ಶೇರುಗಳಲ್ಲಿ ಮೇಲಿನ ಸಾಲಿಗೆ ಈ ಕರಾರು ಇಲ್ಲ. ಅದು ಎಲ್ಲಿ ಬೇಕಾದರೂ ಮುಗಿಯಬಹುದು. ಕೆಳಗಿನ ಸಾಲು ಮಾತ್ರ ‘ಆನಾ ಯಾದ್ ಹೈ’ಗೆ ಬಂದು ಸೇರಬೇಕು. ಒಂದು ಶೇರನ್ನು ಹತ್ತಿರದಿಂದ ನೋಡಿ:

ಖೇಂಚ್ ಲೇನಾ ವೋ ಮಿರಾ ಪರ್ದೇ ಕಾ ಕೋನಾ ದಫ್‌ಅತನ್
ಔರ್ ದುಪಟ್ಟೇ ಸೇ ತಿರಾ ವೋ ಮುಂಹ್ ಛುಪಾನಾ ಯಾದ್ ಹೈ

ನಾನು ತಟ್ಟನೆ ಪರದೆಯ ತುದಿ ಸೆಳೆದದ್ದು, ನೀನು ದುಪಟ್ಟಾದಿಂದ ಮುಖ ಮುಚ್ಚಿಕೊಂಡದ್ದು ನೆನಪಿದೆ. ಮೇಲಿನ ಸಾಲು ‘ದಫ್‌ಅತನ್’, ತಟ್ಟನೆ, ಎಂಬಲ್ಲಿ ಮುಗಿಯುತ್ತದೆ. ಅದರ ತೂಕವೂ ‘ಯಾದ್ ಹೈ’ಯ ತೂಕವೇ, ಐದು ಮಾತ್ರೆ, ಅದೇ ಜಾಗ. ಸದ್ದು ಮಾತ್ರ ಬೇರೆ. ರದೀಫ್ ಬರಬೇಕಾದ ಪೀಠದಲ್ಲಿ ಇನ್ಯಾರೋ ಕುಳಿತಿರುವುದರಿಂದ ಕಿವಿಗೆ ಸಾಲು ಮುಗಿಯಿತು ಅನ್ನಿಸುವುದಿಲ್ಲ. ವಾಕ್ಯವೂ ಮುಗಿದಿಲ್ಲ, ಸೆಳೆದದ್ದು... ಸೆಳೆದದ್ದು ಏನಾಯಿತು? ಕ್ರಿಯಾಪದ ಕೆಳಗಿದೆ. ಗಾಯಕ ಈ ಮೇಲಿನ ಸಾಲನ್ನೇ ಎರಡು, ಮೂರು ಸಲ ಹೇಳುತ್ತಾನೆ, ಒಂದೊಂದು ಸಲವೂ ಬೇರೆ ಸ್ವರದಲ್ಲಿ. ಮೊದಲೆಲ್ಲ ಅದು ನನಗೆ ಸುಮ್ಮನೆ ಎಳೆದಾಟ ಅನ್ನಿಸುತ್ತಿತ್ತು. ಆ ಪುನರಾವರ್ತನೆ ಕೇಳುವವರಿಗೆ ಕೊಟ್ಟ ಸಮಯ. ಕೆಳಗಿನ ಸಾಲು ಎಲ್ಲಿಗೆ ಬರಬೇಕು ಎಂದು ಎಲ್ಲರಿಗೂ ಗೊತ್ತು. ಯಾವ ಪದದ ಮೂಲಕ ಬರುತ್ತದೆ ಎನ್ನುವುದಷ್ಟೇ ಗೊತ್ತಿಲ್ಲ. ‘ದುಪಟ್ಟೇ ಸೇ’ ಎಂದಾಗ ಒಂದು ಸುಳಿವು, ‘ಮುಂಹ್’ ಎಂದಾಗ ಇನ್ನೊಂದು. ದುಪಟ್ಟಾದಿಂದ ಮುಖಕ್ಕೆ ಮಾಡುವ, ‘ಆನಾ’ ಎಂದು ಮುಗಿಯುವ ಕೆಲಸ ಯಾವುದು? ಹಿಂದಿ ಸಿನಿಮಾ ಹಾಡು ಕೇಳಿದ ಯಾರಿಗೂ ‘ಛುಪಾನಾ’ ಹೊಳೆಯುತ್ತದೆ. ಗಾಯಕನಿಗಿಂತ ಅರೆಕ್ಷಣ ಮೊದಲೇ ಹೊಳೆಯುತ್ತದೆ. ಮುಶಾಯಿರಾಗಳಲ್ಲಿ ಸಭೆಯೇ ಆ ಪದವನ್ನು ಕವಿಯ ಜೊತೆಗೂಡಿ ಹೇಳಿಬಿಡುವುದು ಹೀಗೆ. ಆ ‘ವಾಹ್’ ಏಕಕಾಲಕ್ಕೆ ಏಳುವ ಗುಟ್ಟು ಇಷ್ಟೇ.

ಹಸ್ರತ್ ಕೇಳುಗರ ಜೊತೆ ಸ್ವಲ್ಪ ಆಟವನ್ನೂ ಆಡುತ್ತಾರೆ. ಇದು ನಾನು ಕಾಗದದ ಮೇಲೆ ಮಾತ್ರೆ ಹಾಕಿದಾಗ ಕಂಡದ್ದು, ಕಿವಿಗೆ ಮೊದಲು ಕಂಡದ್ದಲ್ಲ.

ದೋಪಹರ್ ಕೀ ಧೂಪ್ ಮೇ ಮೇರೇ ಬುಲಾನೇ ಕೇ ಲಿಯೇ
ವೋ ತಿರಾ ಕೋಠೇ ಪೆ ನಂಗೇ ಪಾಂವ್ ಆನಾ ಯಾದ್ ಹೈ

ನಡು ಮಧ್ಯಾಹ್ನದ ಬಿಸಿಲಲ್ಲಿ ನನ್ನನ್ನು ಕರೆಯಲೆಂದು ನೀನು ಮಾಳಿಗೆಗೆ ಬರಿಗಾಲಲ್ಲಿ ಬಂದದ್ದು ನೆನಪಿದೆ. ಮೇಲಿನ ಸಾಲಿನ ಮೂರನೆಯ ಜೋಡಿ ‘ರೇ ಬು ಲಾನೇ’. ಕಾಫಿಯಾ ಬೀಳುವ ಅದೇ ಬಿಂದುವಿನಲ್ಲಿ ‘ಲಾನೇ’ ಬಂದು ನಿಲ್ಲುತ್ತದೆ. ‘ಆನಾ’ಕ್ಕೂ ಇದಕ್ಕೂ ಒಂದೇ ಸ್ವರದ ವ್ಯತ್ಯಾಸ. ಕಿವಿ ಎದ್ದು ನಿಲ್ಲುವಷ್ಟರಲ್ಲಿ ‘ಕೇ ಲಿಯೇ’ ಎಂದು ಸಾಲು ಬೇರೆ ಕಡೆ ಹೋಗುತ್ತದೆ. ಕೆಳಗಿನ ಸಾಲಿನಲ್ಲಿ ಬರುವ ಕಾಫಿಯಾವಂತೂ ಬರೇ ‘ಆನಾ’. ಬಹಾನಾ, ಜಮಾನಾ, ಛುಪಾನಾಗಳ ಮುಂದೆ ಅಂಟಿಕೊಂಡಿದ್ದ ವ್ಯಂಜನಗಳೆಲ್ಲ ಕಳಚಿ, ಅಷ್ಟೂ ಶೇರುಗಳಲ್ಲಿ ಕೇಳಿದ ಸದ್ದೇ ಒಂದು ಪೂರ್ಣ ಪದವಾಗಿ, ‘ಬರುವುದು’ ಎಂಬ ಅರ್ಥ ಹೊತ್ತು ನಿಂತಿದೆ. ಬರಿಗಾಲಿನ ಚಿತ್ರಕ್ಕೆ ಬರಿಯ ಪದ. ಕವಿ ಯೋಚಿಸಿ ಮಾಡಿದರೋ ತಾನಾಗಿ ಬಂತೋ, ನನಗೆ ಇಡೀ ಗಜಲಿನಲ್ಲಿ ಇದೇ ಹೆಚ್ಚು ಇಷ್ಟ.

ಸಿನಿಮಾದ ಹಾಡಿನಲ್ಲಿ ಈ ಕಟ್ಟು ಗುರುತಿಸಲು ಅಡ್ಡಿ ಮಾಡುವುದು ಪಲ್ಲವಿ. ಪ್ರತಿ ಶೇರಿನ ನಂತರ ಮತ್ಲಾದ ಮೊದಲ ಸಾಲನ್ನು ಮತ್ತೆ ಹಾಡುವುದು ರೂಢಿ. ಆಗ ‘ಯಾದ್ ಹೈ’ ಎರಡು ಬಗೆಯಲ್ಲಿ ಕೇಳಿಸುತ್ತದೆ. ಒಂದು, ಹೊಸ ಶೇರಿನ ತುದಿಯಲ್ಲಿ. ಇನ್ನೊಂದು, ಮರಳಿ ಬಂದ ಹಳೆಯ ಸಾಲಿನ ತುದಿಯಲ್ಲಿ. ಎರಡನೆಯದು ನಮ್ಮ ದಾಸರ ಪದದ ಪಲ್ಲವಿಯ ಹಾಗೆ. ಸಾಲಿಗೆ ಸಾಲೇ ಬದಲಾಗದೆ ಬರುತ್ತದೆ. ಅದು ಸಂಗೀತ ಸಂಯೋಜನೆಯ ಕೆಲಸ, ಪದ್ಯದ್ದಲ್ಲ. ಪುಸ್ತಕದಲ್ಲಿ ಮತ್ಲಾ ಒಂದೇ ಸಲ ಅಚ್ಚಾಗಿರುತ್ತದೆ. ರದೀಫ್ ಹಾಗಲ್ಲ, ಪ್ರತಿ ಸಲವೂ ಅದು ಹೊಸ ವಾಕ್ಯದ ಕೊನೆ. ಮರಳಿ ಬರುವ ಪಲ್ಲವಿಯನ್ನು ಮನಸ್ಸಿನಲ್ಲೇ ಅಳಿಸಿಹಾಕಿ ಕೇಳಿದರೆ ಗಜಲು ಬಿಡಿಸಿಕೊಳ್ಳುತ್ತದೆ.

ರದೀಫಿನ ಅರ್ಥ ಹೇಗೆ ಕೆಲಸ ಮಾಡುತ್ತದೆ ಎನ್ನುವುದು ಕನ್ನಡದವರಿಗೆ ಸುಲಭವಾಗಿ ದಕ್ಕಬೇಕು. ನಮ್ಮ ವಾಕ್ಯದಲ್ಲಿಯೂ ಕ್ರಿಯಾಪದ ಕೊನೆಗೇ ಬರುತ್ತದೆ. ಮುಚ್ಚಿಕೊಂಡದ್ದು ನೆನಪಿದೆ, ಬಂದದ್ದು ನೆನಪಿದೆ ಎಂದು ಹೇಳುತ್ತ ಹೋದರೆ ಅನುವಾದವೇ ರದೀಫ್ ಇಟ್ಟುಕೊಳ್ಳುತ್ತದೆ. ಮೇಲಾಗಿ ಕೊನೆಯ ಅಕ್ಷರವನ್ನು ಗುರು ಮಾಡಿಕೊಂಡರೆ ‘ನೆನಪಿದೆ’ಗೂ ಐದೇ ಮಾತ್ರೆ. ಇಷ್ಟು ಸಿಕ್ಕಮೇಲೆ ಕೈ ಸುಮ್ಮನಿರಲಿಲ್ಲ. ಕಟ್ಟು ತಿಳಿಯಬೇಕಾದರೆ ಒಮ್ಮೆ ಕಟ್ಟಿಯೇ ನೋಡಬೇಕು ಎಂದು ಕನ್ನಡದಲ್ಲಿ ಸಾಲು ಹೊಸೆದೆ. ಸಾಹೇಬರು ಮೊದಲೇ ಒಂದು ಎಚ್ಚರಿಕೆ ಕೊಟ್ಟಿದ್ದರು.

“ಬರೇ ಪ್ರತ್ಯಯ ಸೇರಿಸಿ ಪ್ರಾಸ ಅನ್ನಬೇಡಿ. ಅದು ಕಳ್ಳ ಕಾಫಿಯಾ.”

ಕನ್ನಡದಲ್ಲಿ ಈ ಅಪಾಯ ದೊಡ್ಡದು. ಓಡಿದ, ನಡೆದ, ಬರೆದ ಎಂದು ಬರೆದು ಹೋದರೆ ಕೊನೆಯ ಅಕ್ಷರವೇನೋ ಸೇರುತ್ತದೆ, ಆದರೆ ಸೇರುವುದು ಭೂತಕಾಲದ ಗುರುತು ಮಾತ್ರ, ಧಾತುವಲ್ಲ. ಹಾಗಾದರೆ ಭಾಷೆಯ ಹೆಚ್ಚುಕಡಿಮೆ ಪ್ರತಿಯೊಂದು ಕ್ರಿಯಾಪದವೂ ಕಾಫಿಯಾ ಆಗಿಬಿಡುತ್ತದೆ, ಮತ್ತೆ ಊಹಿಸಲು ಏನೂ ಉಳಿಯುವುದಿಲ್ಲ. ಹಸ್ರತ್ ಮತ್ಲಾದಲ್ಲಿಯೇ ‘ಬಹಾನಾ’ ಎಂಬ ಕ್ರಿಯೆಯ ಎದುರು ‘ಜಮಾನಾ’ ಎಂಬ ನಾಮಪದ ಇಟ್ಟದ್ದರಿಂದ ಪ್ರಾಸ ‘ನಾ’ ಎಂಬ ಪ್ರತ್ಯಯಕ್ಕೆ ನಿಲ್ಲದೆ ‘ಆನಾ’ ಎಂದು ಗಟ್ಟಿಯಾಯಿತು. ನಾನು ಪ್ರತ್ಯಯದ ಹಿಂದಿನ ಅಕ್ಷರಕ್ಕೆ ಹೋದೆ. ಹಚ್ಚು, ಮುಚ್ಚು, ಬಿಚ್ಚು, ಕಚ್ಚು, ಮೆಚ್ಚು: ನಮ್ಮ ಎರಡನೆಯ ಅಕ್ಷರದ ಪ್ರಾಸವೇ, ಸಾಲಿನ ತಲೆಯಿಂದ ಬಾಲಕ್ಕೆ ಬಂದು ಕೂತಂತೆ.

ಮಳೆಯ ಸಂಜೆಯ ಜಗಲಿಯಂಚಲಿ ದೀಪ ಹಚ್ಚಿದ ನೆನಪಿದೆ
ನನ್ನ ನೆರಳನು ಕಂಡು ಬೆದರುತ ಕದವ ಮುಚ್ಚಿದ ನೆನಪಿದೆ

ಊರು ಬಿಟ್ಟರು ಊರ ದಾರಿಯ ಧೂಳು ಕಾಲನು ಬಿಡದೆಯೇ
ಹಳೆಯ ಕಾಗದದೊಂದು ಮಡಿಕೆಯ ಮರಳಿ ಬಿಚ್ಚಿದ ನೆನಪಿದೆ

ಇದನ್ನು ಕಾವ್ಯವೆಂದು ಮುಂದಿಡುತ್ತಿಲ್ಲ, ಅಳತೆ ನೋಡಲು ಹೊಲಿದ ಕಚ್ಚಾ ಬಟ್ಟೆ ಇದು. ಭಾವನಿಗೆ ಕೇಳಿಸಿದೆ. ಎರಡನೆಯ ಶೇರಿನಲ್ಲಿ ‘ಕಾಗದ’, ‘ಮಡಿಕೆ’ ಎಂದ ಕೂಡಲೇ ಅವರು “ಬಿಚ್ಚಿದ” ಎಂದು ನನಗಿಂತ ಮೊದಲೇ ಹೇಳಿಬಿಟ್ಟರು. ಗಜಲಿನ ಒಂದು ನಿಯಮವನ್ನೂ ಕೇಳದ ಮನುಷ್ಯ ಮತ್ಲಾ ಕೇಳಿದ್ದಷ್ಟರಿಂದ ಕಾಫಿಯಾ ಊಹಿಸಿದರು. ಪದ ಗೊತ್ತಿದ್ದವರಿಗೆ ಈ ಕಟ್ಟು ಯಾರೂ ಹೇಳಿಕೊಡದೆಯೂ ಕೆಲಸ ಮಾಡುತ್ತದೆ ಎನ್ನುವುದಕ್ಕೆ ನನಗೆ ಬೇರೆ ಪುರಾವೆ ಬೇಕಿರಲಿಲ್ಲ.

ಆಮೇಲೆ ಇದೇ ಉಪಾಯವನ್ನು ಬೇರೆ ಹಾಡುಗಳ ಮೇಲೆ ಹೂಡಿದೆ. 1981ರ ‘ಉಮ್ರಾವ್ ಜಾನ್’ ಚಿತ್ರಕ್ಕೆ ಶಹರ್ಯಾರ್ ಬರೆದು, ಖಯ್ಯಾಂ ಸಂಗೀತದಲ್ಲಿ ಆಶಾ ಭೋಸ್ಲೆ ಹಾಡಿದ ‘ದಿಲ್ ಚೀಜ್ ಕ್ಯಾ ಹೈ’ಯಲ್ಲಿ ರದೀಫ್ ‘ಲೀಜಿಯೇ’. ಅದರ ಮುಂಚಿನ ಪದಗಳು ಜಾನ್, ಮಾನ್, ಪಹಚಾನ್, ಎಹ್ಸಾನ್, ಠಾನ್, ಕಾಫಿಯಾ ‘ಆನ್’. ಇಲ್ಲಿ ರದೀಫ್ ಬರೇ ಬಾಲವಲ್ಲ, ಹಿಂದಿನ ಪದಕ್ಕೆ ತಕ್ಕಂತೆ ತನ್ನ ಕೆಲಸ ಬದಲಿಸುತ್ತದೆ. ‘ಜಾನ್ ಲೀಜಿಯೇ’ ಎಂದರೆ ಜೀವವನ್ನೇ ತೆಗೆದುಕೊಳ್ಳಿ. ‘ಮಾನ್ ಲೀಜಿಯೇ’ ಎಂದಾಗ ತೆಗೆದುಕೊಳ್ಳುವಂಥದ್ದು ಏನೂ ಇಲ್ಲ, ಒಪ್ಪಿಕೊಳ್ಳಿ ಅಷ್ಟೆ. ‘ಪಹಚಾನ್ ಲೀಜಿಯೇ’ ಗುರುತಿಟ್ಟುಕೊಳ್ಳಿ. ನಮ್ಮ ‘ಕೊಳ್ಳಿ’ಯೂ ಒಮ್ಮೆ ಸ್ವಂತ ಕ್ರಿಯೆಯಾಗಿ, ಒಮ್ಮೆ ಇನ್ನೊಂದರ ಬಾಲವಾಗಿ ಹೀಗೆಯೇ ನಡೆಯುವುದರಿಂದ ಈ ಹಾಡು ಕನ್ನಡದ ಕಿವಿಗೆ ಬೇಗ ಬಗ್ಗುತ್ತದೆ. ‘ಆನ್’ ಕೂಡ ಗಟ್ಟಿಯಾದ ಸದ್ದು, ಮೂಗಿನಲ್ಲಿ ಮೊಳಗಿ ನಿಲ್ಲುತ್ತದೆ. ಹೊಸಬರು ಇಲ್ಲಿಂದಲೇ ಆರಂಭಿಸಿದರೂ ಆದೀತು.

ಸಾರಂಗಿ, ನಿಧಾನದ ಲಯ, ‘ದಿಲ್’, ‘ದರ್ದ್’ ಇದ್ದ ಮಾತ್ರಕ್ಕೆ ಗಜಲಾಗುವುದಿಲ್ಲ ಎಂದೂ ಹೀಗೆ ಬಾಲ ಹಿಡಿಯುತ್ತಲೇ ತಿಳಿಯಿತು. ಗಜಲೆಂದು ಮಾರುವ ಎಷ್ಟೋ ಹಾಡುಗಳ ಚರಣದಲ್ಲಿ ಮೂರು ನಾಲ್ಕು ಸಾಲುಗಳಿರುತ್ತವೆ, ಅವು ತಮ್ಮತಮ್ಮೊಳಗೇ ಪ್ರಾಸ ಮಾಡಿಕೊಂಡು ಕೊನೆಯ ಸಾಲಿನಲ್ಲಿ ಪಲ್ಲವಿಗೆ ಬಂದು ಕೂಡುತ್ತವೆ. ಅವು ಗೀತ್. ಒಳ್ಳೆಯ ಹಾಡೇ ಇರಬಹುದು, ಆದರೆ ಅಲ್ಲಿ ಎರಡು ಸಾಲಿನ ಆ ಕಾಯುವಿಕೆ ಇಲ್ಲ. ಇದಕ್ಕೆ ತದ್ವಿರುದ್ಧವಾಗಿ ರದೀಫೇ ಇಲ್ಲದೆ ಕಾಫಿಯಾದಲ್ಲಿ ಮುಗಿಯುವ ನಿಜವಾದ ಗಜಲುಗಳೂ ಉಂಟು. ಅಲ್ಲಿ ‘ಯಾದ್ ಹೈ’ಯಂಥ ಗುರುತುಕಲ್ಲು ಸಿಗದು, ಬಾಯಿ ಮುಚ್ಚುವ ನನ್ನ ಉಪಾಯವೂ ನಡೆಯದು.

ಇನ್ನೂ ಕಷ್ಟದ್ದು ಗಾಲಿಬ್. 1954ರ ‘ಮಿರ್ಜಾ ಗಾಲಿಬ್’ ಚಿತ್ರದಲ್ಲಿ ತಲತ್ ಮಹಮೂದ್ ಮತ್ತು ಸುರೈಯಾ ಹಾಡಿದ ‘ದಿಲೆ ನಾದಾಂ ತುಝೇ ಹುವಾ ಕ್ಯಾ ಹೈ’. ರದೀಫ್ ‘ಕ್ಯಾ ಹೈ’, ಅದು ಯಾರಿಗಾದರೂ ಕೇಳಿಸುತ್ತದೆ. ಕಾಫಿಯಾ? ಹುವಾ, ದವಾ, ಮಾಜ್ರಾ, ಮುದ್ದಆ, ಖುದಾ, ವಫಾ. ಸೇರುವುದು ಬರೇ ‘ಆ’ ಎಂಬ ಒಂದು ಸ್ವರ. ಹಿಂದಿನ ವ್ಯಂಜನ ಬದಲಾಗುತ್ತಲೇ ಇರುತ್ತದೆ. ಹಿಂದಿಯಲ್ಲಿ ‘ಆ’ಕಾರಾಂತ ಪದಗಳು ಲೆಕ್ಕವಿಲ್ಲದಷ್ಟಿರುವುದರಿಂದ ಸದ್ದಿನ ಬಲದಿಂದಷ್ಟೇ ಪದ ಊಹಿಸುವುದು ಸಾಧ್ಯವಿಲ್ಲ. ಸಾಹೇಬರ ಮುಂದೆ ಇದನ್ನು ಹೇಳಿದಾಗ ಹೊಲಿಗೆ ಯಂತ್ರದ ಚಕ್ರವನ್ನು ಅಂಗೈಯಿಂದ ತಡೆದು ನಿಲ್ಲಿಸಿದರು.

“ಗಾಲಿಬ್ ಸದ್ದಿನ ಬಾಗಿಲು ಚಿಕ್ಕದು ಮಾಡಿದ್ದಾನೆ, ಟೀಚರೇ. ಅರ್ಥದ ಬಾಗಿಲು ತೆರೆದಿದ್ದಾನೆ. ಮೇಲಿನ ಸಾಲನ್ನು ಕೇಳಿ” ಎಂದು ಒಂದು ಶೇರು ಹೇಳಿದರು.

ಹಮ್ ಕೋ ಉನ್ ಸೇ ವಫಾ ಕೀ ಹೈ ಉಮ್ಮೀದ್
ಜೋ ನಹೀಂ ಜಾನ್ತೇ ವಫಾ ಕ್ಯಾ ಹೈ

ನಿಷ್ಠೆಯೆಂದರೆ ಏನೆಂದೇ ಅರಿಯದವರಿಂದ ನಮಗೆ ನಿಷ್ಠೆಯ ನಿರೀಕ್ಷೆ. ಕೆಳಗೆ ಕಾಫಿಯಾ ಆಗಿ ಬರಲಿರುವ ‘ವಫಾ’ ಎಂಬ ಪದವನ್ನು ಗಾಲಿಬ್ ಮೇಲಿನ ಸಾಲಿನ ನಡುವಿನಲ್ಲಿಯೇ ಒಮ್ಮೆ ಕೈಗೆ ಕೊಟ್ಟಿರುತ್ತಾನೆ. ‘ಜೋ ನಹೀಂ ಜಾನ್ತೇ’ ಎಂದು ಗಾಯಕ ತಡೆದಾಗ, ಅರಿಯದವರು ಎಂಬಷ್ಟು ಹಿಂದಿ ಬಂದರೆ ಸಾಕು, ಬರಬೇಕಾದ ಪದ ಮೊದಲೇ ಕೈಯಲ್ಲಿರುತ್ತದೆ. ಈ ಗಜಲಿನ ಉಳಿದ ಶೇರುಗಳಲ್ಲಿ ಇಂಥ ಸುಳಿವು ಇಷ್ಟು ನೇರವಾಗಿಲ್ಲ. ಅವುಗಳಿಗೆ ನಾನು ಈಗ ಮೇಲಿನ ಸಾಲಿನ ಅರ್ಥವನ್ನು ಸಾಹೇಬರಿಂದ ಕೇಳಿ ಬರೆದುಕೊಳ್ಳುತ್ತೇನೆ; ಕೆಳಗಿನ ಸಾಲಿನ ಅರ್ಥವನ್ನು ಹೇಳಬೇಡಿ ಎಂದು ಮೊದಲೇ ಹೇಳಿಟ್ಟಿದ್ದೇನೆ.